ಮೂರು ಕಂತು ಕಟ್ಟಿ ನಿಂತುಹೋದ ಪಾಲಿಸಿ: ಸರೆಂಡರ್ ಮೊತ್ತ, ರಿವೈವಲ್ ಷರತ್ತು ಕೇಳುವುದು ಹೇಗೆ?

ವಸುಧಾ · 3 ನವೆಂಬರ್ 2025

ನಮ್ಮ ಯಜಮಾನರ ಹೆಸರಿನಲ್ಲಿ ಒಂದು ಎಂಡೋಮೆಂಟ್ ಪಾಲಿಸಿ ಇದೆ. 2020ರ ಮಾರ್ಚ್ 15ಕ್ಕೆ ಆರಂಭವಾದದ್ದು, ಅವಧಿ 20 ವರ್ಷ, ವಿಮಾ ಮೊತ್ತ 5 ಲಕ್ಷ ರೂಪಾಯಿ, ವರ್ಷದ ಕಂತು ತೆರಿಗೆ ಬಿಟ್ಟು 25,000 ರೂಪಾಯಿ. 2020, 2021, 2022ರ ಕಂತು ಕಟ್ಟಿದ್ದೇವೆ. ಅವರ ಕೆಲಸ ಹೋದ ಮೇಲೆ 2023ರಿಂದ ಕಟ್ಟಿಲ್ಲ. ಈಗ ಕೆಲಸ ಸಿಕ್ಕಿದೆ, ಕೈಯಲ್ಲಿ ಸ್ವಲ್ಪ ಹಣವೂ ಇದೆ.

ಏಜೆಂಟರು ದಿನಾ ಫೋನ್ ಮಾಡಿ, ಈ ತಿಂಗಳ 30ರೊಳಗೆ ಬಾಕಿ ಕಟ್ಟಿ ರಿವೈವಲ್ ಮಾಡಿಸದಿದ್ದರೆ ಪಾಲಿಸಿ ಹೋಗಿಯೇಬಿಡುತ್ತದೆ ಎನ್ನುತ್ತಿದ್ದಾರೆ. ಶಾಖೆಯ ಕೌಂಟರಿನಲ್ಲಿ ಸರೆಂಡರ್ ಮಾಡಿದರೆ ಎಷ್ಟು ಬರುತ್ತದೆ ಎಂದು ಕೇಳಿದೆ. "ಐವತ್ತು ಸಾವಿರದ ಆಸುಪಾಸು" ಎಂದು ಬಾಯಿಮಾತಿನಲ್ಲಿ ಹೇಳಿದರು, ಬರೆದು ಕೊಡಲಿಲ್ಲ. ಯಜಮಾನರೇ ಬರಬೇಕು ಎಂದರು.

ಇನ್ನೊಂದು ವಿಷಯ. ಹೋದ ವರ್ಷ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಏಜೆಂಟರು ಅದನ್ನೆಲ್ಲ ಬರೆಯುವ ಅಗತ್ಯವಿಲ್ಲ ಎನ್ನುತ್ತಾರೆ. ಹಣ ವಾಪಸ್ ತೆಗೆದುಕೊಳ್ಳಬೇಕೋ, ಮುಂದುವರಿಸಬೇಕೋ ಎಂದು ತಿಳಿಯುತ್ತಿಲ್ಲ. ಮೊದಲು ಕಂಪನಿಯಿಂದ ಏನೇನು ಕೇಳಿ ಪಡೆಯಬೇಕು, ದಯವಿಟ್ಟು ಹೇಳಿ.

ನಾಗೇಂದ್ರ · 3 ನವೆಂಬರ್

ಐವತ್ತು ಸಾವಿರ ಬರಲು ಸಾಧ್ಯವೇ ಇಲ್ಲ ಮೇಡಂ. ಮೊದಲ ವರ್ಷದ ಕಂತು ಬಿಟ್ಟು ಉಳಿದದ್ದರಲ್ಲಿ ಶೇ. 30 ಮಾತ್ರ ಕೊಡುತ್ತಾರೆ. 50,000ಕ್ಕೆ ಶೇ. 30 ಎಂದರೆ 15,000 ರೂಪಾಯಿ. ನನ್ನ ಅಣ್ಣನ ಪಾಲಿಸಿಯಲ್ಲಿ ಇದೇ ಲೆಕ್ಕ ಹಾಕಿ ಕೊಟ್ಟರು. ಮೂರು ವರ್ಷ ತುಂಬದೇ ಇದ್ದಿದ್ದರೆ ಅದೂ ಇಲ್ಲ.

ಶಾಖೆಯ ಹಳಬ · 4 ನವೆಂಬರ್

ನಾಗೇಂದ್ರ ಅವರು ಹೇಳಿದ್ದು ಹಳೆಯ ಪಾಲಿಸಿಗಳ ಮಟ್ಟಿಗೆ ನಿಜ. ನಾನು ಸೇವೆಯಲ್ಲಿದ್ದ ಹೆಚ್ಚಿನ ಕಾಲ ಆ ಲೆಕ್ಕವನ್ನೇ ಹಾಕುತ್ತಿದ್ದೆವು. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ನಿಯಮ ಬದಲಿಸಿತು. ಮಾರುಕಟ್ಟೆಗೆ ಜೋಡಿಸದ ಪಾಲಿಸಿಗಳಿಗೆ ಎರಡು ವರ್ಷದ ಕಂತು ತುಂಬಿದರೆ ಸರೆಂಡರ್ ಮೌಲ್ಯ ಬರುತ್ತದೆ. ಮೊದಲ ವರ್ಷದ ಕಂತನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕನಿಷ್ಠ ಖಾತರಿ ಎರಡನೇ ವರ್ಷದಲ್ಲಿ ಶೇ. 30, ಮೂರನೆಯದರಲ್ಲಿ ಶೇ. 35, ನಾಲ್ಕರಿಂದ ಏಳನೇ ವರ್ಷದವರೆಗೆ ಶೇ. 50. ಇಲ್ಲಿ ವರ್ಷ ಎಂದರೆ ಪಾಲಿಸಿ ಆರಂಭವಾಗಿ ಎಷ್ಟನೇ ವರ್ಷದಲ್ಲಿ ಸರೆಂಡರ್ ಮಾಡುತ್ತೀರಿ ಎಂಬುದು, ಎಷ್ಟು ಕಂತು ಕಟ್ಟಿದ್ದೀರಿ ಎಂಬುದಲ್ಲ. ವಸುಧಾ ಅವರ ಪಾಲಿಸಿ ಈಗ ಆರನೇ ವರ್ಷದಲ್ಲಿದೆ. ಹಾಗಾಗಿ ಕಟ್ಟಿದ 75,000ಕ್ಕೆ ಶೇ. 50, ಅಂದರೆ 37,500. ಅದರ ಮೇಲೆ ಸೇರಿರುವ ಬೋನಸ್ಸಿನ ಒಂದು ಭಾಗ. ಕೌಂಟರಿನವರು ಹೇಳಿದ್ದು ಸುಳ್ಳೇನಲ್ಲ. ಬಾಂಡಿನಲ್ಲಿ ಈ ಪಟ್ಟಿ ಅಚ್ಚಾಗಿಯೇ ಇರುತ್ತದೆ, ಒಮ್ಮೆ ತೆರೆದು ನೋಡಿ.

ಇನ್ನು "ಪಾಲಿಸಿ ಹೋಗಿಯೇಬಿಡುತ್ತದೆ" ಎಂಬ ಮಾತು. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸರೆಂಡರ್ ಮೌಲ್ಯ ಬಂದ ಪಾಲಿಸಿ ಕಂತು ನಿಂತ ಮಾತ್ರಕ್ಕೆ ಸಾಯುವುದಿಲ್ಲ, ಪೇಯ್ಡ್-ಅಪ್ ಆಗುತ್ತದೆ. 20ರಲ್ಲಿ 3 ಕಂತು ಕಟ್ಟಿದ್ದಕ್ಕೆ ವಿಮಾ ಮೊತ್ತವೂ ಅದೇ ಪ್ರಮಾಣಕ್ಕೆ ಇಳಿದು 75,000 ಆಗುತ್ತದೆ. ಅಲ್ಲಿಯವರೆಗೆ ಸೇರಿದ ಬೋನಸ್ ಹಾಗೆಯೇ ಉಳಿಯುತ್ತದೆ, ಹೊಸ ಬೋನಸ್ ಸೇರುವುದಿಲ್ಲ. ಇನ್ನೊಂದು ರೂಪಾಯಿ ಕಟ್ಟದಿದ್ದರೂ 2040ರ ಮಾರ್ಚ್‌ನಲ್ಲಿ ಆ ಹಣ ಬರುತ್ತದೆ, ಅದಕ್ಕೆ ಮೊದಲೇ ಏನಾದರೂ ಆದರೆ ನಾಮಿನಿಗೆ ಬರುತ್ತದೆ. ಅಂದರೆ ನಿಮ್ಮ ಮುಂದೆ ಇರುವುದು ಎರಡು ದಾರಿಯಲ್ಲ, ಮೂರು.

ಕಿರಣ್ · 4 ನವೆಂಬರ್

ನನ್ನದೂ ಇದೇ ಕಥೆ. ಎರಡು ವರ್ಷ ಕಟ್ಟಿ ನಿಲ್ಲಿಸಿದೆ. ಶೇ. 50 ಕೊಡಿ ಎಂದರೆ ಐದು ವರ್ಷ ತುಂಬುವವರೆಗೆ ಒಂದು ಪೈಸೆಯೂ ಇಲ್ಲ ಎನ್ನುತ್ತಾರೆ. ನನ್ನ ಸ್ಟೇಟ್‌ಮೆಂಟಿನಲ್ಲಿ ಯೂನಿಟ್‌ಗಳ ಲೆಕ್ಕ ಬರುತ್ತದೆ. ಅವರ ಮೇಲೆ ದೂರು ಕೊಡಬಹುದೇ?

ಶಾಖೆಯ ಹಳಬ · 4 ನವೆಂಬರ್

ಕಿರಣ್, ಯೂನಿಟ್ ಇದೆ ಎಂದರೆ ನಿಮ್ಮದು ಯೂಲಿಪ್, ಅಂದರೆ ಮಾರುಕಟ್ಟೆಗೆ ಜೋಡಿಸಿದ ಪಾಲಿಸಿ, ಅದರ ದಾರಿಯೇ ಬೇರೆ. ಅಲ್ಲಿ ಐದು ವರ್ಷದ ಲಾಕ್-ಇನ್ ಇದೆ. ನಡುವೆ ನಿಲ್ಲಿಸಿದರೆ ನಿಮ್ಮ ಹಣ ಡಿಸ್‌ಕಂಟಿನ್ಯೂಡ್ ಫಂಡ್‌ಗೆ ಹೋಗುತ್ತದೆ. ಅಲ್ಲಿ ಕನಿಷ್ಠ ಶೇ. 4 ಬಡ್ಡಿ ಸಿಗುತ್ತದೆ. ರಿವೈವಲ್‌ಗೂ ಅಲ್ಲಿ ಮೂರೇ ವರ್ಷ. ಇದರಲ್ಲಿ ಕಂಪನಿಯ ತಪ್ಪು ಕಾಣುವುದಿಲ್ಲ. ಬೇರೆಯಾಗಿ ಕೇಳಿ, ವಿವರವಾಗಿ ಹೇಳುತ್ತೇನೆ. ಇಲ್ಲಿ ಎರಡನ್ನೂ ಬೆರೆಸಿದರೆ ವಸುಧಾ ಅವರಿಗೆ ಗೊಂದಲವಾಗುತ್ತದೆ.

ರೇಷ್ಮಾ, ವಿಮಾ ಸಲಹೆಗಾರ್ತಿ · 5 ನವೆಂಬರ್

ಏಜೆಂಟರೆಲ್ಲ ಮೋಸಗಾರರು ಎಂಬಂತೆ ಮಾತು ಹೊರಳಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. 30ನೇ ತಾರೀಖು ಎಂಬುದು ಬಹುಶಃ ಲೇಟ್ ಫೀ ರಿಯಾಯಿತಿಯ ಕೊನೆಯ ದಿನ. ಕಂಪನಿಗಳು ಆಗಾಗ ರಿವೈವಲ್ ಅಭಿಯಾನ ನಡೆಸಿ ಬಾಕಿಯ ಬಡ್ಡಿಯಲ್ಲಿ ಒಂದಷ್ಟು ಬಿಡುತ್ತವೆ. ರಿವೈವಲ್‌ನ ನಿಜವಾದ ಗಡುವು ಅದಲ್ಲ. ಇಂಥ ಪಾಲಿಸಿಗೆ ಮೊದಲು ತಪ್ಪಿದ ಕಂತಿನ ದಿನದಿಂದ ಐದು ವರ್ಷ ಸಿಗುತ್ತದೆ. 2023ರ ಮಾರ್ಚ್ 15ರಿಂದ ಎಣಿಸಿದರೆ 2028ರ ಮಾರ್ಚ್‌ವರೆಗೆ ಸಮಯವಿದೆ. ಆದರೆ ರಿಯಾಯಿತಿ ಸಿಗುವುದು ಬಡ್ಡಿಯಲ್ಲಿ ಮಾತ್ರ. ವೈದ್ಯಕೀಯ ಪರೀಕ್ಷೆಯಲ್ಲಿ ವಿನಾಯಿತಿ ಇರುವುದಿಲ್ಲ.

ಇನ್ನು ಸಕ್ಕರೆ ಕಾಯಿಲೆಯನ್ನು ಮುಚ್ಚಿಡಿ ಎಂದು ಹೇಳಿದ್ದು ತಪ್ಪು. ಅದನ್ನು ನಾನು ಸಮರ್ಥಿಸುವುದಿಲ್ಲ.

ಮಂಜುಳಾ · 5 ನವೆಂಬರ್

ಈಗ ಒಂದೇ ವರ್ಷ ಕಟ್ಟಿದರೂ ಸರೆಂಡರ್ ಹಣ ಕೊಡಬೇಕು ಎಂದು ಹೊಸ ಕಾನೂನು ಬಂದಿದೆಯಲ್ಲ? ಅದರ ಪ್ರಕಾರ ಕೇಳಿದರೆ ಇನ್ನೂ ಹೆಚ್ಚು ಬರುತ್ತದೆ ಅಲ್ಲವೇ?

ಶಾಖೆಯ ಹಳಬ · 5 ನವೆಂಬರ್

ಅದು 2024ರ ನಿಯಮ ಮಂಜುಳಾ ಅವರೇ. 2024ರ ಅಕ್ಟೋಬರ್ 1ರಿಂದ ಹೊಸ ನಿಯಮದಂತೆ ಮಾರಾಟವಾದ ಪಾಲಿಸಿಗಳಿಗೆ ಅನ್ವಯಿಸುತ್ತದೆ. 2020ರ ಬಾಂಡಿಗೆ ಆ ಬಾಂಡಿನ ಷರತ್ತುಗಳೇ ಆಧಾರ.

ವಸುಧಾ ಅವರೇ, ಈಗ ಪತ್ರದ ವಿಷಯಕ್ಕೆ ಬರುತ್ತೇನೆ. ನಿಮಗೆ ವಿವರ ಕೊಡದೆ ಯಜಮಾನರೇ ಬರಬೇಕು ಎಂದದ್ದು ನಿಯಮದಂತೆ ಸರಿ. ಪಾಲಿಸಿದಾರರು ಅವರು. ಪತ್ರಕ್ಕೆ ಅವರೇ ಸಹಿ ಹಾಕಲಿ, ಪ್ರಸ್ತಾವನೆ ಅರ್ಜಿಯಲ್ಲಿ ಹಾಕಿದ್ದ ಸಹಿಯಂತೆಯೇ ಇರಲಿ. ನೀವು ತೆಗೆದುಕೊಂಡು ಹೋಗಿ ಕೊಟ್ಟು, ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಂಡರೆ ಸಾಕು. ಆ ಮೊಹರು ಮುಂದೆ ಬೇಕಾಗುತ್ತದೆ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಅಥವಾ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ದೂರು ಕೊಟ್ಟು ತಿಂಗಳಾದರೂ ಉತ್ತರವಿಲ್ಲದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ಶುಲ್ಕವಿಲ್ಲ.

ಪತ್ರದಲ್ಲಿ ಬರಿಯ ಮೊತ್ತ ಕೇಳಬೇಡಿ, ಅದು ಹೇಗೆ ಬಂತು ಎಂದು ಕೇಳಿ. ಸರೆಂಡರ್ ಮತ್ತು ರಿವೈವಲ್ ಎರಡರ ಲೆಕ್ಕವೂ ಒಂದೇ ದಿನಾಂಕಕ್ಕೆ ಇರಲಿ, ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

> ಮಾನ್ಯರೇ,
>
> ವಿಷಯ: ಪಾಲಿಸಿ ಸಂಖ್ಯೆ ______ ಕುರಿತು ಸರೆಂಡರ್ ಮೌಲ್ಯ ಮತ್ತು ರಿವೈವಲ್ ಷರತ್ತುಗಳ ಲಿಖಿತ ವಿವರ ಕೋರಿ.
>
> ಮೇಲಿನ ಪಾಲಿಸಿಯಲ್ಲಿ 15-03-2023ರ ಕಂತಿನಿಂದ ಪ್ರೀಮಿಯಂ ಬಾಕಿ ಇದೆ. ದಯವಿಟ್ಟು 15-11-2025ಕ್ಕೆ ಅನ್ವಯಿಸುವಂತೆ ಈ ವಿವರಗಳನ್ನು ಲಿಖಿತವಾಗಿ ತಿಳಿಸಿ.
>
> ಪಾಲಿಸಿಯ ಈಗಿನ ಸ್ಥಿತಿ, ಪೇಯ್ಡ್-ಅಪ್ ಮೊತ್ತ ಮತ್ತು ಈವರೆಗೆ ಸೇರಿರುವ ಬೋನಸ್ ಎಷ್ಟು? ಖಾತರಿ ಸರೆಂಡರ್ ಮೌಲ್ಯ ಮತ್ತು ವಿಶೇಷ ಸರೆಂಡರ್ ಮೌಲ್ಯ ತಲಾ ಎಷ್ಟು, ಯಾವ ಗುಣಕ ಬಳಸಲಾಗಿದೆ, ಕಡಿತಗಳಿದ್ದರೆ ಯಾವುವು?
>
> ರಿವೈವಲ್‌ಗೆ ಕಟ್ಟಬೇಕಾದ ಬಾಕಿ ಕಂತು, ಬಡ್ಡಿ ಮತ್ತು ತೆರಿಗೆ ಬೇರೆ ಬೇರೆಯಾಗಿ ಎಷ್ಟು? ಬಡ್ಡಿಯ ದರ ಮತ್ತು ಲೆಕ್ಕ ಹಾಕುವ ವಿಧಾನ ಯಾವುದು? ರಿಯಾಯಿತಿ ಇದ್ದರೆ ಎಷ್ಟು, ಯಾವ ದಿನದವರೆಗೆ? ಆರೋಗ್ಯ ಘೋಷಣೆಯಷ್ಟೇ ಸಾಕೇ, ಯಾವ ವೈದ್ಯಕೀಯ ವರದಿಗಳು ಬೇಕು? ರಿವೈವಲ್‌ನ ಕೊನೆಯ ದಿನಾಂಕ ಯಾವುದು? ಬಾಕಿ ಇದ್ದ ವರ್ಷಗಳ ಬೋನಸ್ ಸೇರುತ್ತದೆಯೇ?
>
> ಇದು ಮಾಹಿತಿ ಕೋರಿಕೆ ಮಾತ್ರ, ಸರೆಂಡರ್ ಅರ್ಜಿಯಲ್ಲ.

ಕೊನೆಯ ಸಾಲನ್ನು ಬಿಡಬೇಡಿ. ಸರೆಂಡರ್ ಒಮ್ಮೆ ಆಗಿಹೋದರೆ ಹಿಂದಕ್ಕೆ ಬರುವ ದಾರಿ ಇಲ್ಲ. ಮೊತ್ತ ತಿಳಿಯುವ ಮೊದಲು ಅಸಲು ಬಾಂಡನ್ನಾಗಲಿ, ಸಹಿ ಮಾಡಿದ ಡಿಸ್ಚಾರ್ಜ್ ಫಾರಂ ಆಗಲಿ ಯಾರ ಕೈಗೂ ಕೊಡಬೇಡಿ.

ವಸುಧಾ · 21 ನವೆಂಬರ್

ಎಲ್ಲರಿಗೂ ಧನ್ಯವಾದ. ಪತ್ರಕ್ಕೆ ಉತ್ತರ ಬಂದಿದೆ, ಅದರಲ್ಲಿರುವುದನ್ನು ಹಾಗೆಯೇ ಬರೆಯುತ್ತೇನೆ.

ಸ್ಥಿತಿ: ಪೇಯ್ಡ್-ಅಪ್. ಪೇಯ್ಡ್-ಅಪ್ ಮೊತ್ತ 75,000, ಸೇರಿರುವ ಬೋನಸ್ 60,000, ಒಟ್ಟು 1,35,000 ರೂಪಾಯಿ. ಖಾತರಿ ಸರೆಂಡರ್ ಮೌಲ್ಯ ಬೋನಸ್ ಭಾಗವೂ ಸೇರಿ 48,000. ವಿಶೇಷ ಸರೆಂಡರ್ ಮೌಲ್ಯ 1,35,000ಕ್ಕೆ 0.37 ಗುಣಕದಂತೆ 49,950. ಎರಡರಲ್ಲಿ ಹೆಚ್ಚಿನದನ್ನು ಕೊಡುತ್ತಾರಂತೆ.

ರಿವೈವಲ್‌ಗೆ ಬಾಕಿ ಕಂತು 75,000, ಬಡ್ಡಿ 12,798, ಒಟ್ಟು 87,798. ಬಡ್ಡಿ ಶೇ. 9.5, ಆರು ತಿಂಗಳಿಗೊಮ್ಮೆ ಚಕ್ರಬಡ್ಡಿ. ನವೆಂಬರ್ 30ರವರೆಗೆ ಬಡ್ಡಿಯಲ್ಲಿ ಶೇ. 30 ರಿಯಾಯಿತಿ. ಕೊನೆಯ ದಿನಾಂಕ 2028ರ ಮಾರ್ಚ್ ಎಂದೇ ಇದೆ, ರೇಷ್ಮಾ ಅವರು ಹೇಳಿದಂತೆ. ಆರೋಗ್ಯ ಘೋಷಣೆಯ ಜೊತೆಗೆ ವೈದ್ಯರ ಪರೀಕ್ಷಾ ವರದಿ, ರಕ್ತಪರೀಕ್ಷೆ ಬೇಕು, ಅದರ ಖರ್ಚು ನಮ್ಮದೇ. ರಿವೈವಲ್ ಆದರೆ ನಡುವಿನ ವರ್ಷಗಳ ಬೋನಸ್ಸೂ ಸೇರುತ್ತದೆ. ಈವರೆಗೆ ಬೋನಸ್ ಸಾವಿರಕ್ಕೆ 40ರಂತೆ ವರ್ಷಕ್ಕೆ 20,000 ಬಂದಿದೆ.

ಜಯರಾಂ, ಲೆಕ್ಕಪತ್ರ · 21 ನವೆಂಬರ್

ಇಷ್ಟು ಚೊಕ್ಕವಾಗಿ ಲೆಕ್ಕ ಸಿಕ್ಕಿರುವಾಗ ಊಹಾಪೋಹವೇ ಬೇಡ, ಕೂತು ನೋಡೋಣ.

ಮೊದಲು ರಿಯಾಯಿತಿ. 12,798ಕ್ಕೆ ಶೇ. 30 ಎಂದರೆ 3,840 ರೂಪಾಯಿಯಷ್ಟು. ಏಜೆಂಟರ ಆತುರದ ಬೆಲೆ ಅಷ್ಟೇ. ಅದಕ್ಕಾಗಿ ತರಾತುರಿಯಲ್ಲಿ ಸಹಿ ಹಾಕಬೇಕಾಗಿಲ್ಲ.

ಎರಡನೆಯದು ಸರೆಂಡರ್ ಮತ್ತು ಸುಮ್ಮನೆ ಬಿಡುವುದರ ನಡುವಿನ ಹೋಲಿಕೆ. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ಕಟ್ಟಿದ 75,000ವನ್ನು ಮರೆತುಬಿಡಿ, ಅದು ಹೋಗಿಯಾಗಿದೆ. ಇವತ್ತು ನಿಮ್ಮ ಕೈಗೆ ಬರಬಹುದಾದದ್ದು 49,950. ಅದನ್ನು ತೆಗೆಯದೆ ಬಿಟ್ಟರೆ 14 ವರ್ಷ 4 ತಿಂಗಳ ನಂತರ 1,35,000. ಇದು ವರ್ಷಕ್ಕೆ ಸುಮಾರು ಶೇ. 7.2ರ ಚಕ್ರಬಡ್ಡಿಗೆ ಸಮ. ಅದೂ ಬೋನಸ್ ಏರಿಳಿತದ ಭಯವಿಲ್ಲದೆ, ಏಕೆಂದರೆ ಸೇರಿಹೋದ ಬೋನಸ್ಸನ್ನು ವಾಪಸ್ ಪಡೆಯುವುದಿಲ್ಲ. ಕಂತು ವಿಮಾ ಮೊತ್ತದ ಶೇ. 5 ಮಾತ್ರ ಇರುವುದರಿಂದ ಈಗಿನ ಆದಾಯ ತೆರಿಗೆ ನಿಯಮದಲ್ಲಿ ಇದಕ್ಕೆ ತೆರಿಗೆಯೂ ಬೀಳುವುದಿಲ್ಲ. ಬ್ಯಾಂಕ್ ಠೇವಣಿಯಲ್ಲಿ ತೆರಿಗೆ ಕಳೆದು ಇಷ್ಟು ದೀರ್ಘ ಕಾಲಕ್ಕೆ ಶೇ. 7.2 ಉಳಿಸುವುದು ಸುಲಭವಲ್ಲ. ಹಾಗಾಗಿ ಈ ಐವತ್ತು ಸಾವಿರಕ್ಕೆ ತುರ್ತು ಇಲ್ಲದಿದ್ದರೆ ಸರೆಂಡರ್ ಮಾಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರೊಂದಿಗೆ 1,35,000ದ ವಿಮೆಯೂ ಉಚಿತವಾಗಿ ಉಳಿಯುತ್ತದೆ.

ಮೂರನೆಯದು ರಿವೈವಲ್. ಈಗ 87,798 ಕಟ್ಟಿ, 2026ರಿಂದ 2039ರವರೆಗೆ ಇನ್ನೂ 14 ಕಂತು, ಅಂದರೆ 3,50,000 ಕಟ್ಟಬೇಕು. ಬೋನಸ್ ಇದೇ ದರದಲ್ಲಿ ಬಂದರೆ 2040ರಲ್ಲಿ 5 ಲಕ್ಷ ಮತ್ತು ಬೋನಸ್ 4 ಲಕ್ಷ, ಒಟ್ಟು 9 ಲಕ್ಷ. ಆದರೆ ಅದರಲ್ಲಿ 1,35,000 ಹೇಗಿದ್ದರೂ ಬರುವ ಹಣ. ಹೊಸದಾಗಿ ಹಾಕುವ ಹಣಕ್ಕೆ ಸಿಗುವುದು 7,65,000. ಇದು ವರ್ಷಕ್ಕೆ ಶೇ. 6ರ ಆಸುಪಾಸು ಬರುತ್ತದೆ. ಮುಂದಿನ ಬೋನಸ್ಸಿಗೆ ಖಾತರಿ ಇಲ್ಲ. ಮುಕ್ತಾಯದ ಸಮಯದಲ್ಲಿ ಕೊಡುವ ಅಂತಿಮ ಬೋನಸ್ ಇದ್ದರೆ ತುಸು ಹೆಚ್ಚಾಗಬಹುದು.

ನಾಗೇಂದ್ರ · 22 ನವೆಂಬರ್

ಶೇ. 50ರ ನಿಯಮದ ಬಗ್ಗೆ ಒಪ್ಪಿಕೊಂಡೆ, ಪತ್ರದಲ್ಲೇ ಇದೆ. ಆದರೆ 14 ವರ್ಷ ಕಾಯಲು ಹೇಳುವುದನ್ನು ನಾನು ಒಪ್ಪುವುದಿಲ್ಲ. ಕೆಲಸ ಈಗಷ್ಟೇ ಸಿಕ್ಕಿದೆ ಎನ್ನುತ್ತಾರೆ. ಮನೆಯಲ್ಲಿ ಬಡ್ಡಿ ಸಾಲವಿದ್ದರೆ ಅದರ ಬಡ್ಡಿ ಶೇ. 7ರಷ್ಟೇ ಇರುತ್ತದೆಯೇ? ಐವತ್ತು ಸಾವಿರ ತೆಗೆದು ಅದನ್ನು ತೀರಿಸಲಿ.

ಜಯರಾಂ, ಲೆಕ್ಕಪತ್ರ · 22 ನವೆಂಬರ್

ಶೇ. 12, 14ರ ಸಾಲವಿದ್ದರೆ ನಿಮ್ಮ ಮಾತು ಪೂರ್ತಿ ಸರಿ. ಆಗ ನನ್ನ ಲೆಕ್ಕವೂ ಅದನ್ನೇ ಹೇಳುತ್ತದೆ. ವಸುಧಾ ಅವರು ಸಾಲದ ಮಾತೇ ಎತ್ತಿಲ್ಲ, ಅದಕ್ಕೆ ನಾನೂ ಎತ್ತಲಿಲ್ಲ.

ಶಾಖೆಯ ಹಳಬ · 22 ನವೆಂಬರ್

ಜಯರಾಂ ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಹಣದ ಲೆಕ್ಕ. ವಿಮೆಯ ಲೆಕ್ಕ ಇನ್ನೊಂದಿದೆ. ಆರೋಗ್ಯವಾಗಿರುವವರಿಗೆ ನಾನು ಹೇಳುವುದು ಸುಲಭ: ಇದನ್ನು ಪೇಯ್ಡ್-ಅಪ್ ಆಗಿಯೇ ಬಿಡಿ, ಕಡಿಮೆ ಕಂತಿನಲ್ಲಿ ದೊಡ್ಡ ಮೊತ್ತದ ಟರ್ಮ್ ಪಾಲಿಸಿ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆ ಇರುವವರಿಗೆ ಟರ್ಮ್ ಪಾಲಿಸಿ ಹೆಚ್ಚಿನ ಕಂತಿಗೆ ಸಿಗಬಹುದು, ಸಿಗದೆಯೂ ಹೋಗಬಹುದು. ಆದ್ದರಿಂದ ಮೊದಲು ಟರ್ಮ್ ಪಾಲಿಸಿಗೆ ಕಾಯಿಲೆಯನ್ನು ತಿಳಿಸಿಯೇ ಅರ್ಜಿ ಹಾಕಿ ನೋಡಿ. ಅಲ್ಲಿ ಬಾಗಿಲು ಮುಚ್ಚಿದರೆ ಮಾತ್ರ ಈ 5 ಲಕ್ಷದ ರಿವೈವಲ್‌ಗೆ ಬೆಲೆ ಬರುತ್ತದೆ. 2028ರವರೆಗೆ ಸಮಯವಿದೆಯಲ್ಲ. ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಆರೋಗ್ಯ ಇನ್ನೂ ಕೆಟ್ಟರೆ ರಿವೈವಲ್ ಕಷ್ಟವಾಗುತ್ತದೆ, ಅದನ್ನೂ ಮನಸ್ಸಿನಲ್ಲಿಡಿ.

ಮುಚ್ಚಿಡುವ ವಿಚಾರ ಹೇಳಲೇಬೇಕು. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ಕಳೆದ ಪಾಲಿಸಿಯನ್ನು ಕಂಪನಿ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆದರೆ ಆ ಮೂರು ವರ್ಷವನ್ನು ರಿವೈವಲ್ ಆದ ದಿನದಿಂದಲೂ ಎಣಿಸುತ್ತಾರೆ. ನಿಮ್ಮ ಪಾಲಿಸಿ 2023ರಲ್ಲೇ ಆ ಗಡಿ ದಾಟಿತ್ತು. ಈಗ ರಿವೈವಲ್ ಮಾಡಿಸಿದರೆ 2028ರ ಕೊನೆಯವರೆಗೆ ಮತ್ತೆ ಪ್ರಶ್ನೆಗೆ ಒಳಗಾಗುತ್ತದೆ. ಘೋಷಣೆಯಲ್ಲಿ "ಯಾವ ಕಾಯಿಲೆಯೂ ಇಲ್ಲ" ಎಂದು ಬರೆದು, ಆ ಅವಧಿಯಲ್ಲಿ ಏನಾದರೂ ಆದರೆ, ಔಷಧಿ ಚೀಟಿ ಮತ್ತು ಆಸ್ಪತ್ರೆಯ ದಾಖಲೆಯಿಂದ ಅದು ಹೊರಬೀಳುತ್ತದೆ. ಕ್ಲೇಮ್ ತಿರಸ್ಕಾರವಾಗುತ್ತದೆ. ಆಗ ಅನುಭವಿಸಬೇಕಾದವರು ನೀವು, ಏಜೆಂಟರಲ್ಲ. ಕಾಯಿಲೆಯ ಹೆಸರು, ಗೊತ್ತಾದ ತಿಂಗಳು, ಮಾತ್ರೆಯ ಹೆಸರು, ಇತ್ತೀಚಿನ ಎಚ್‌ಬಿಎ1ಸಿ ವರದಿ ಎಲ್ಲವನ್ನೂ ಬರೆದು ಲಗತ್ತಿಸಿ. ಘೋಷಣೆಯನ್ನು ನಿಮ್ಮ ಯಜಮಾನರೇ ತುಂಬಲಿ, ಖಾಲಿ ಫಾರಂಗೆ ಸಹಿ ಬೇಡವೇ ಬೇಡ.

ಕೊನೆಯದಾಗಿ ಒಂದು. ಹಣ ಕಟ್ಟಿದ ದಿನವೇ 5 ಲಕ್ಷದ ರಕ್ಷಣೆ ಶುರುವಾಗುವುದಿಲ್ಲ. ವೈದ್ಯಕೀಯ ತೀರ್ಮಾನ ಆಗುವವರೆಗೆ ಅದು ಕಂಪನಿಯಲ್ಲಿ ಠೇವಣಿಯಾಗಿ ಕೂತಿರುತ್ತದೆ. ರಿವೈವಲ್ ಒಪ್ಪಿಕೊಂಡಿದ್ದೇವೆ ಎಂಬ ಪತ್ರ ಬಂದಾಗಲೇ ಶುರು. ಸಾಧ್ಯವಾದರೆ ಮೊದಲು ವರದಿ ಕೊಟ್ಟು ತೀರ್ಮಾನ ಕೇಳಿ, ಆಮೇಲೆ ಹಣ ಕಟ್ಟಿ.

ರೇಷ್ಮಾ, ವಿಮಾ ಸಲಹೆಗಾರ್ತಿ · 23 ನವೆಂಬರ್

ಮಾತ್ರೆಯಲ್ಲಿ ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆಗೆ ರಿವೈವಲ್ ನಿರಾಕರಿಸದೆ ಹೆಚ್ಚುವರಿ ಕಂತು ಹಾಕಿ ಒಪ್ಪಿದ್ದನ್ನು ನೋಡಿದ್ದೇನೆ. ಎಷ್ಟು ಹಾಕುತ್ತಾರೆ ಎಂಬುದು ವಯಸ್ಸು ಮತ್ತು ವರದಿಯ ಮೇಲೆ ಹೋಗುತ್ತದೆ. ಹೆಚ್ಚುವರಿ ಬಿದ್ದರೆ ಜಯರಾಂ ಅವರ ಶೇ. 6 ಇನ್ನೂ ಇಳಿಯುತ್ತದೆ, ಏಕೆಂದರೆ ಹೆಚ್ಚುವರಿ ಕಂತಿಗೆ ಬೋನಸ್ ಇಲ್ಲ, ಸರೆಂಡರ್ ಲೆಕ್ಕದಲ್ಲೂ ಅದನ್ನು ಹಿಡಿಯುವುದಿಲ್ಲ.

ವಸುಧಾ · 24 ನವೆಂಬರ್

ಸಾಲ ಇಲ್ಲ ನಾಗೇಂದ್ರ ಅವರೇ, ಆ ಮಟ್ಟಿಗೆ ನಿಶ್ಚಿಂತೆ. ಸರೆಂಡರ್ ವಿಚಾರ ಕೈಬಿಟ್ಟೆವು. 30ರೊಳಗೆ ಹಣ ಕಟ್ಟುವುದಿಲ್ಲ ಎಂದು ಏಜೆಂಟರಿಗೆ ತಿಳಿಸಿಯಾಯಿತು. ಟರ್ಮ್ ಪಾಲಿಸಿಗೆ ಕಾಯಿಲೆಯನ್ನು ಬರೆದೇ ಅರ್ಜಿ ಹಾಕಿದ್ದೇವೆ, ಮುಂದಿನ ವಾರ ರಕ್ತಪರೀಕ್ಷೆ.

ಒಂದು ವಿಷಯ ಮಾತ್ರ ಬಗೆಹರಿದಿಲ್ಲ. ಟರ್ಮ್ ಪಾಲಿಸಿಯವರು ನಿರಾಕರಿಸಿದರೆ, ಮುಂದೆ ರಿವೈವಲ್‌ನ ಘೋಷಣೆಯಲ್ಲಿ ಆ ನಿರಾಕರಣೆಯನ್ನೂ ಬರೆಯಬೇಕಾಗುತ್ತದೆಯೇ? ಹಾಗೆ ಬರೆದರೆ ಇವರೂ ನಿರಾಕರಿಸುವ ಸಾಧ್ಯತೆ ಹೆಚ್ಚುತ್ತದೆಯೇ?

ಶಾಖೆಯ ಹಳಬ · 24 ನವೆಂಬರ್

ಘೋಷಣೆ ಫಾರಂನಲ್ಲಿ ಆ ಪ್ರಶ್ನೆ ಇದ್ದರೆ ಬರೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಶಾಖೆಯಿಂದ ಖಾಲಿ ಫಾರಂ ತಂದು ಈಗಲೇ ಓದಿ. ಬರೆದರೆ ಇವರ ತೀರ್ಮಾನ ಎಷ್ಟು ಬಿಗಿಯಾಗುತ್ತದೆ ಎಂಬುದು ವೈದ್ಯಕೀಯ ವರದಿ ನೋಡುವ ಅಧಿಕಾರಿಯ ಕೈಯಲ್ಲಿರುತ್ತದೆ. ಒಂದೇ ಥರದ ಎರಡು ಫೈಲುಗಳಿಗೆ ಬೇರೆ ಬೇರೆ ತೀರ್ಮಾನ ಬಂದದ್ದನ್ನು ನಾನೇ ಕಂಡಿದ್ದೇನೆ.

ರೇಷ್ಮಾ, ವಿಮಾ ಸಲಹೆಗಾರ್ತಿ · 24 ನವೆಂಬರ್

ಹಾಗಾದರೆ ಟರ್ಮ್ ಅರ್ಜಿಯ ತೀರ್ಮಾನ ಬರುವ ಮೊದಲೇ ರಿವೈವಲ್‌ನ ವೈದ್ಯಕೀಯ ವರದಿಯನ್ನೂ ಕೊಟ್ಟುಬಿಡುವುದು ಒಳ್ಳೆಯದು ಎನಿಸುತ್ತದೆ. ಎರಡೂ ಕಡೆ ಒಂದೇ ಮಾಹಿತಿ ಕೊಟ್ಟು, ಎರಡೂ ಉತ್ತರ ಬಂದ ಮೇಲೆ ಆರಿಸಿಕೊಳ್ಳಬಹುದು. ಹಳಬರು ಒಪ್ಪುತ್ತಾರೋ ಗೊತ್ತಿಲ್ಲ.

ಶಾಖೆಯ ಹಳಬ · 25 ನವೆಂಬರ್

ಅರ್ಧ ಒಪ್ಪುತ್ತೇನೆ. ಬಾಕಿ ಹಣ ಕಟ್ಟದೆ ಬರಿಯ ವರದಿ ತೆಗೆದುಕೊಂಡು ತೀರ್ಮಾನ ಕೊಡುವುದು ಶಾಖೆಯಿಂದ ಶಾಖೆಗೆ ಬೇರೆ. ಕೆಲವರು ಹಣದ ಜೊತೆಗೇ ಕೊಡಿ ಎನ್ನುತ್ತಾರೆ. ಮೊದಲು ಅದನ್ನು ಕೇಳಿಕೊಳ್ಳಿ ವಸುಧಾ ಅವರೇ, ಅದನ್ನೂ ಲಿಖಿತವಾಗಿಯೇ.